ರೂಟರ್ ಪುಟ ತೆರೆಯಲಿಲ್ಲ ಅಂತ ಇಂಟರ್ನೆಟ್‌ನಲ್ಲಿ ಸಿಕ್ಕ ನಂಬರಿಗೆ ಫೋನ್ ಮಾಡಬೇಡಿ

ಹೋದ ತಿಂಗಳು ನನಗೆ 2,499 ರೂಪಾಯಿ ಹೋಯಿತು. ಇನ್ನೂ ಜಾಸ್ತಿ ಹೋಗುವುದರಲ್ಲಿತ್ತು. ಶುರುವಾಗಿದ್ದು ಒಂದು ಸಣ್ಣ ಕೆಲಸದಿಂದ, ಮನೆಯ ವೈಫೈ ಪಾಸ್‌ವರ್ಡ್ ಬದಲಿಸೋಣ ಅಂತ ಕೂತಿದ್ದೆ. ಇದನ್ನು ಓದಿ ಒಬ್ಬರಾದರೂ ಆ ಫೋನ್ ಮಾಡದೆ ಇದ್ದರೆ ಸಾಕು ಅಂತ ಬರೆಯುತ್ತಿದ್ದೇನೆ.

ನಮ್ಮ ಮನೆ ವಿಜಯನಗರದಲ್ಲಿ. ಹಳೇ ರೂಟರ್ ಕೆಟ್ಟಿತ್ತು. ಇಂಟರ್ನೆಟ್‌ನವರ ಹುಡುಗ ಬಂದು ಹೊಸ ಡಬ್ಬಿ ಹಾಕಿ ಹೋಗಿದ್ದ. ಮೇಲಿನ ಮನೆಯವರು ಖಾಲಿ ಮಾಡಿಕೊಂಡು ಹೋದ ಮೇಲೆ ಪಾಸ್‌ವರ್ಡ್ ಬದಲಿಸೋಣ ಅಂದುಕೊಂಡೆ. ಹಾಲಿನ ಲೆಕ್ಕದ ಪುಸ್ತಕದ ಕೊನೇ ಹಾಳೆಯಲ್ಲಿ ರೂಟರ್ ವಿಳಾಸ ಬರೆದಿಟ್ಟಿದ್ದೆ: 192.168.0.1. ಲ್ಯಾಪ್‌ಟಾಪ್‌ನಲ್ಲಿ ಅದನ್ನೇ ಟೈಪ್ ಮಾಡಿದೆ. ಪುಟ ಸುತ್ತಿ ಸುತ್ತಿ ಕೊನೆಗೆ ERR_CONNECTION_TIMED_OUT ಅಂತ ಬಂತು. ಬೇರೆ ಎಲ್ಲ ಸೈಟ್‌ಗಳೂ ತೆರೆಯುತ್ತಿದ್ದವು, ಇದೊಂದು ಮಾತ್ರ ಇಲ್ಲ.

ಆಗ ರೂಟರ್ ಲಾಗಿನ್ ಆಗುತ್ತಿಲ್ಲ ಅಂತ ಹುಡುಕಿದೆ. ಮೊದಲು ಕಂಡಿದ್ದು ಒಂದು ಜಾಹೀರಾತು, ‘ರೂಟರ್ ಸಪೋರ್ಟ್’ ಅಂತ ದೊಡ್ಡದಾಗಿ ಫೋನ್ ನಂಬರ್. ಕಂಪನಿಯವರದ್ದೇ ಇರಬೇಕು ಅಂತ ಫೋನ್ ಮಾಡಿದೆ.

ಆತ ಬಹಳ ಮರ್ಯಾದೆಯಿಂದ ಮಾತಾಡಿದ. ಸ್ಕ್ರೀನ್ ಹಂಚಿಕೊಳ್ಳುವ ಆ್ಯಪ್ ಹಾಕಿಸಿದ. ಆಮೇಲೆ ಅವನೇ ಮೌಸ್ ಓಡಿಸುತ್ತಾ ಈವೆಂಟ್ ವ್ಯೂವರ್ ಅನ್ನುವ ಕಿಟಕಿ ತೆಗೆದ. ಸಾಲಾಗಿ ಕೆಂಪು, ಹಳದಿ ಗುರುತುಗಳು. "ನೋಡಿ ಮೇಡಂ, ನಿಮ್ಮ ನೆಟ್‌ವರ್ಕ್ ಹ್ಯಾಕ್ ಆಗಿದೆ, ಅದಕ್ಕೇ ರೂಟರ್ ತೆರೀತಿಲ್ಲ" ಅಂದ. ಆ ಗುರುತುಗಳು ಸರಿಯಾಗಿ ಕೆಲಸ ಮಾಡುವ ವಿಂಡೋಸ್ ಕಂಪ್ಯೂಟರ್‌ನಲ್ಲೂ ಇರುತ್ತವೆ ಅಂತ ನನಗೆ ಆಮೇಲೆ ಗೊತ್ತಾಗಿದ್ದು. ‘ಸೆಕ್ಯುರಿಟಿ ಹಾಕ್ತೀನಿ’ ಅಂತ ಸೆಟ್ಟಿಂಗ್ಸ್‌ನಲ್ಲಿ ಏನೋ ಟೈಪ್ ಮಾಡಿದ. ಯುಪಿಐನಲ್ಲಿ 2,499 ಕಳಿಸಿದೆ. ಅದಾದ ಮೇಲೆ "ಪೇಮೆಂಟ್ ಸಿಕ್ಕಿಹಾಕಿಕೊಂಡಿದೆ, ಲ್ಯಾಪ್‌ಟಾಪ್‌ನಲ್ಲಿ ನೆಟ್‌ಬ್ಯಾಂಕಿಂಗ್ ತೆಗೀರಿ" ಅಂದ. ಅಲ್ಲಿ ಎದೆ ಧಸಕ್ ಅಂತು. ಫೋನ್ ಇಟ್ಟೆ, ರೂಟರ್ ಸ್ವಿಚ್ ಆರಿಸಿದೆ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಟ್ಟೆ, cybercrime.gov.in ನಲ್ಲೂ ಹಾಕಿದೆ, ಬ್ಯಾಂಕ್‌ಗೂ ಹೇಳಿದೆ.

ಭಾನುವಾರ ಕೆಂಗೇರಿಯಿಂದ ತಮ್ಮ ಬಂದ. ಅವನಿಗೆ ನೆಟ್‌ವರ್ಕ್ ಕೆಲಸವೇ. ಕೂತವನೇ ಕಮಾಂಡ್ ಪ್ರಾಂಪ್ಟ್ ಅನ್ನುವ ಕಪ್ಪು ಕಿಟಕಿ ತೆಗೆದು `ipconfig` ಕೊಟ್ಟ. ಬಂದಿದ್ದು ಇಷ್ಟು:

```
IPv4 Address. . . . : 192.168.1.7
Subnet Mask . . . . : 255.255.255.0
Default Gateway . . : 192.168.1.1
```

"ಅಕ್ಕಾ, ಕೊನೇ ಸಾಲು ನೋಡು. ಅದೇ ನಿನ್ನ ರೂಟರ್ ವಿಳಾಸ" ಅಂದ. ನಾನು ಕೊಟ್ಟಿದ್ದು 0.1, ಇರುವುದು 1.1. ಹೊಸ ಡಬ್ಬಿ ಬಂದಾಗ ವಿಳಾಸವೂ ಬದಲಾಗಿತ್ತು. ನಮ್ಮ ಮನೆಯ ಸಾಧನಗಳೆಲ್ಲ 192.168.1 ಅನ್ನುವ ಬೀದಿಯಲ್ಲಿವೆ, ನಾನು ಪಕ್ಕದ ಬೀದಿಯ ಬಾಗಿಲು ತಟ್ಟುತ್ತಿದ್ದೆ. ಅಲ್ಲಿ ಯಾರೂ ಇಲ್ಲ, ಅದಕ್ಕೇ ಕಾದು ಕಾದು ಟೈಮ್ಡ್ ಔಟ್. ಹ್ಯಾಕೂ ಇಲ್ಲ, ಏನೂ ಇಲ್ಲ. ಆಂಡ್ರಾಯ್ಡ್ ಫೋನ್‌ನಲ್ಲಾದರೆ ವೈಫೈ ಹೆಸರಿನ ವಿವರದಲ್ಲಿ Gateway ಅಂತ, ಐಫೋನ್‌ನಲ್ಲಿ Router ಅಂತ ಇದೇ ನಂಬರ್ ಸಿಗುತ್ತದೆ.

ಸರಿಯಾದ ವಿಳಾಸ ಹಾಕಿದೆವು. `http://` ಸೇರಿಸಿಯೇ ಟೈಪ್ ಮಾಡು ಅಂದ. ಅದಿಲ್ಲದೆ ಒಂದು ಚುಕ್ಕೆ ತಪ್ಪಿದರೂ ಬ್ರೌಸರ್ ಅದನ್ನು ಹುಡುಕಾಟ ಅಂದುಕೊಂಡು ಮತ್ತೆ ಅದೇ ಜಾಹೀರಾತುಗಳ ಮುಂದೆ ನಿಲ್ಲಿಸುತ್ತದೆ. ಆದರೂ ಪುಟ ಬರಲಿಲ್ಲ! ಬಿಳೀ ಪುಟದಲ್ಲಿ 504 Gateway Timeout ಅಂತ ಬಂತು.

ತಮ್ಮನ ಮುಖ ಗಂಭೀರವಾಯಿತು. ರೂಟರ್ ನೇರವಾಗಿ ಸಿಗದೆ ಇದ್ದರೆ ಬ್ರೌಸರ್ ತಾನೇ ‘ಸೈಟ್ ಸಿಗುತ್ತಿಲ್ಲ’ ಅನ್ನುತ್ತದೆ. 504 ಅಂತ ಉತ್ತರ ಬಂದಿದೆ ಅಂದರೆ ಮಧ್ಯೆ ಇನ್ನೊಬ್ಬರು ಕೂತು ಉತ್ತರ ಕೊಡುತ್ತಿದ್ದಾರೆ. ಸೆಟ್ಟಿಂಗ್ಸ್, Network & internet, Proxy ಅಂತ ಹೋದ. ಕೆಳಗೆ Use a proxy server ಆನ್ ಆಗಿತ್ತು, ನಮಗೆ ಗೊತ್ತಿಲ್ಲದ ಯಾವುದೋ ವಿಳಾಸ ಅಲ್ಲಿತ್ತು. ಆತ ಹಾಕಿದ ‘ಸೆಕ್ಯುರಿಟಿ’ ಅದೇ. ನನ್ನ ಬ್ರೌಸರ್ ಕೇಳುವುದೆಲ್ಲ ಆ ಹೊರಗಿನ ಕಂಪ್ಯೂಟರ್ ಮೂಲಕ ಹೋಗುತ್ತಿತ್ತು. ಬೇರೆ ಸೈಟ್‌ಗಳನ್ನು ಅದು ತಂದುಕೊಡುತ್ತಿತ್ತು, ಹಾಗಾಗಿ ನನಗೆ ಅನುಮಾನವೇ ಬರಲಿಲ್ಲ. 192.168.1.1 ಮಾತ್ರ ಅದಕ್ಕೆ ಸಿಗಲ್ಲ, ಯಾಕಂದರೆ ಅದು ನಮ್ಮ ಮನೆಯೊಳಗಿನ ವಿಳಾಸ. ಎಲ್ಲ ಸೈಟೂ ತೆರೆದು ಸರಿಯಾದ ವಿಳಾಸಕ್ಕೂ ರೂಟರ್ ಮಾತ್ರ ತೆರೆಯದಿದ್ದರೆ ಪ್ರಾಕ್ಸಿ ನೋಡಿ ಅನ್ನುವುದು ಇದಕ್ಕೇ.

ಆಫೀಸ್ ಲ್ಯಾಪ್‌ಟಾಪ್ ಇರುವವರಿಗೆ ಒಂದು ಮಾತು. ಅಲ್ಲಿ ಪ್ರಾಕ್ಸಿ ಕಂಪನಿಯದ್ದೇ ಇರಬಹುದು, ಕೈ ಹಚ್ಚಬೇಡಿ, ರೂಟರ್ ಪುಟಕ್ಕೆ ಮನೆಯ ಫೋನ್ ಬಳಸಿ. ಸ್ವಂತ ಲ್ಯಾಪ್‌ಟಾಪ್‌ನಲ್ಲಿ ಬೇಕು ಅಂತಲೇ ಪ್ರಾಕ್ಸಿ ಇಟ್ಟುಕೊಂಡವರು ‘ಲೋಕಲ್ ವಿಳಾಸಕ್ಕೆ ಪ್ರಾಕ್ಸಿ ಬೇಡ’ ಅನ್ನುವ ಟಿಕ್ ಹಾಕಿದರೆ ಸಾಲದು. ಆ ಟಿಕ್ ಚುಕ್ಕೆ ಇಲ್ಲದ ಹೆಸರುಗಳಿಗೆ ಮಾತ್ರ. ಮೇಲಿರುವ ವಿನಾಯಿತಿ ಪಟ್ಟಿಯಲ್ಲಿ `192.168.*` ಅಂತ ಬರೆಯಬೇಕು.

ಪ್ರಾಕ್ಸಿ ಆಫ್ ಮಾಡಿ ಮತ್ತೆ ತೆರೆದಾಗ ಇನ್ನೊಂದು ಹೆದರಿಕೆ ಕಾದಿತ್ತು. Your connection is not private, ಕೆಂಪು ಗುರುತು, ಕೆಳಗೆ NET::ERR_CERT_AUTHORITY_INVALID. ನಾನು ಲ್ಯಾಪ್‌ಟಾಪ್ ಮುಚ್ಚಿಬಿಡೋಣ ಅಂದೆ. ತಮ್ಮ ತಡೆದ. ಒಂದೇ 192.168.1.1 ಲಕ್ಷಾಂತರ ಮನೆಗಳಲ್ಲಿ ಇರುತ್ತದೆ, ಹಾಗಾಗಿ ಅದಕ್ಕೆ ‘ಇದು ಅಸಲಿ’ ಅಂತ ಹೇಳುವ ಸರ್ಟಿಫಿಕೇಟನ್ನು ಹೊರಗಿನ ಯಾವ ಸಂಸ್ಥೆಯೂ ಕೊಡುವುದಿಲ್ಲ. ರೂಟರ್ ತನಗೆ ತಾನೇ ಒಂದು ಬರೆದುಕೊಂಡಿರುತ್ತದೆ, ಬ್ರೌಸರ್ ಅದನ್ನು ನಂಬಲ್ಲ. ಆದರೆ ಮುಂದೆ ಹೋಗಬೇಕಾದರೆ ಮೂರೂ ಸರಿ ಇರಬೇಕು ಅಂದ: ಇದು ನಿನ್ನ ಸ್ವಂತ ಮನೆಯ ವೈಫೈ, ವಿಳಾಸ ಗೇಟ್‌ವೇ ಜೊತೆ ಅಂಕಿ ಅಂಕಿಗೂ ಹೊಂದುತ್ತದೆ, ಪ್ರಾಕ್ಸಿ ಆಫ್ ಇದೆ. ಒಂದು ತಪ್ಪಿದರೂ ಹಿಂದಕ್ಕೆ ಬಾ. ಪಿಜಿಯಲ್ಲೋ ಹೋಟೆಲ್‌ನಲ್ಲೋ ಇದೇ ಎಚ್ಚರಿಕೆ ಕಂಡರೆ ಮುಟ್ಟಬೇಡ. ಬ್ಯಾಂಕ್ ಸೈಟ್‌ನಲ್ಲಿ ಕಂಡರಂತೂ ತಕ್ಷಣ ಮುಚ್ಚು.

ಆದರೂ ಆ ಲ್ಯಾಪ್‌ಟಾಪ್‌ನಲ್ಲಿ ಪಾಸ್‌ವರ್ಡ್ ಟೈಪ್ ಮಾಡಲು ಬಿಡಲಿಲ್ಲ. ಆತ ಇನ್ನೇನು ಬಿಟ್ಟು ಹೋಗಿದ್ದಾನೋ ಗೊತ್ತಿಲ್ಲವಲ್ಲ. ನನ್ನ ಫೋನ್ ವೈಫೈನಲ್ಲಿಟ್ಟು, ಮೊಬೈಲ್ ಡೇಟಾ ಆಫ್ ಮಾಡಿ ಅದೇ ವಿಳಾಸ ತೆರೆದೆವು. ಅದೇ ಎಚ್ಚರಿಕೆ ಬಂತು, Advanced ಒತ್ತಿ ಮುಂದೆ ಹೋದೆವು. ಡಬ್ಬಿಯ ಅಡಿಯಲ್ಲಿದ್ದ ಚೀಟಿಯ ಪಾಸ್‌ವರ್ಡ್ ಹಾಕಿದೆವು, ಪುಟ ತೆರೆಯಿತು. ವೈಫೈ ಪಾಸ್‌ವರ್ಡ್ ಜೊತೆ ರೂಟರ್ ಒಳಗೆ ಹೋಗುವ ಪಾಸ್‌ವರ್ಡನ್ನೂ ಬದಲಿಸಿದೆವು. ಮೇಲ್ ಮತ್ತು ಬ್ಯಾಂಕ್ ಪಾಸ್‌ವರ್ಡ್‌ಗಳನ್ನೂ ಫೋನ್‌ನಿಂದಲೇ ಬದಲಿಸಿದೆ. ಸಂಜೆ ತಮ್ಮ ಲ್ಯಾಪ್‌ಟಾಪ್‌ನ ಫೋಟೋಗಳನ್ನು ಪೆನ್‌ಡ್ರೈವ್‌ಗೆ ಹಾಕಿ ವಿಂಡೋಸ್ ಪೂರ್ತಿ ಅಳಿಸಿ ಹೊಸದಾಗಿ ಹಾಕಿದ.

ದುಡ್ಡು ಇನ್ನೂ ಬಂದಿಲ್ಲ. ಆ ಜಾಹೀರಾತನ್ನು ರಿಪೋರ್ಟ್ ಮಾಡಿದ್ದೇನೆ, ಆದರೆ ನಿನ್ನೆ ಹುಡುಕಿದಾಗ ಬೇರೆ ನಂಬರ್ ಹಾಕಿಕೊಂಡು ಅಂಥದ್ದೇ ಇನ್ನೊಂದು ಮೇಲೆ ಬಂದಿತ್ತು. ನಿಮಗೆ ಸಹಾಯ ಬೇಕಿದ್ದರೆ ನಿಮ್ಮ ಇಂಟರ್ನೆಟ್ ಬಿಲ್ ಮೇಲಿರುವ ನಂಬರಿಗೇ ಫೋನ್ ಮಾಡಿ.