ಲ್ಯಾಪ್‌ಟಾಪ್ ಕೊಳ್ಳುವ ಮುನ್ನ: 8 ಜಿಬಿಯೋ, 16 ಜಿಬಿಯೋ?

ಹುಬ್ಬಳ್ಳಿ-ಧಾರವಾಡದ ಅಂಗಡಿಗಳಲ್ಲಿ ವಿಚಾರಿಸುತ್ತಿರುವ ಪಾಲಕರ ಗಮನಕ್ಕೆ: ಎಂಜಿನಿಯರಿಂಗ್ ಮೊದಲ ವರ್ಷಕ್ಕೆ ನಮ್ಮ ಕನಿಷ್ಠ ಮಿತಿ ಪ್ರೋಗ್ರಾಂಗಳು ನಡೆಯಲು 8 ಜಿಬಿ ರ‍್ಯಾಮ್, ಫೈಲುಗಳನ್ನು ಇಡಲು 512 ಜಿಬಿ ಎಸ್‌ಎಸ್‌ಡಿ.

ಸಿ, ಪೈಥಾನ್ ಲ್ಯಾಬ್‌ಗೆ 8 ಜಿಬಿ ಸಾಕು, ಬೆಲೆಯೂ ಕಡಿಮೆ. ಮುಂದೆ ಕಂಪ್ಯೂಟರಿನಲ್ಲೇ ಫೋನಿನಂತೆ ನಡೆಯುವ ಆಂಡ್ರಾಯ್ಡ್ ಎಮ್ಯುಲೇಟರ್ ತೆರೆದಾಗ ರ‍್ಯಾಮ್ ತುಂಬಿ, ಯಂತ್ರ ಎಸ್‌ಎಸ್‌ಡಿಯನ್ನೇ ರ‍್ಯಾಮ್‌ನಂತೆ ಬಳಸತೊಡಗುತ್ತದೆ. ಅದು ರ‍್ಯಾಮ್‌ಗಿಂತ ನಿಧಾನವಾದ್ದರಿಂದ ಮೌಸ್ ಕೂಡ ತಡವರಿಸುತ್ತದೆ. ಟಾಸ್ಕ್ ಮ್ಯಾನೇಜರ್‌ನಲ್ಲಿ Memory 90% ದಾಟಿದ್ದರೆ ಕಾರಣ ಅದೇ. ಆದ್ದರಿಂದ 8 ಜಿಬಿ ಕೊಳ್ಳುವವರು ಖಾಲಿ ಸ್ಲಾಟ್ ಇದೆಯೇ ಎಂದು ಕೇಳಲೇಬೇಕು. ಇದ್ದರೆ ಆಮೇಲೆ ಇನ್ನೊಂದು 8 ಜಿಬಿ ಹಾಕಿಸಬಹುದು. ಆದರೆ ಅದು ಅದೇ ಪೀಳಿಗೆಯದಾಗಿರಬೇಕು: ಡಿಡಿಆರ್4 ರ‍್ಯಾಮ್ ಡಿಡಿಆರ್5 ಸ್ಲಾಟಿಗೆ ಕೂರುವುದಿಲ್ಲ.

ಬೋರ್ಡಿಗೇ ಬೆಸುಗೆ ಹಾಕಿದ 16 ಜಿಬಿಯ ತೆಳು ಲ್ಯಾಪ್‌ಟಾಪ್ ಹೊರಲು ಹಗುರ, ಗದಗ-ಹಾವೇರಿಯಿಂದ ದಿನವೂ ಬಸ್ಸಿನಲ್ಲಿ ಬರುವವರಿಗೆ ಅನುಕೂಲ. ಅದರ ರ‍್ಯಾಮ್ ಕೆಟ್ಟರೆ ಮಾತ್ರ ಬಹುತೇಕ ಇಡೀ ಬೋರ್ಡನ್ನೇ ಬದಲಿಸಬೇಕಾಗುತ್ತದೆ. ಆಮೇಲೆ ಹೆಚ್ಚಿಸಲಾಗದ ಬೆಸುಗೆಯ 8 ಜಿಬಿ ಮಾತ್ರ ಬೇಡ, ಎಷ್ಟೇ ಅಗ್ಗವಾಗಿ ಸಿಕ್ಕರೂ.

— ಪ್ರಾಂಶುಪಾಲರು