ಮೂರು ಸಲ ಗ್ಯಾಸ್, ಒಂದು ಕಂಪ್ರೆಸರ್, ಆದರೂ ತಣ್ಣಗಾಗದ ಫ್ರಿಜ್: ಎರಡೂವರೆ ವರ್ಷದ ಅನುಭವ

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ಎರಡು ಸ್ಟಾರ್. ಫ್ರಿಜ್ ಕೆಟ್ಟಿದ್ದಕ್ಕೆ ಅಲ್ಲ, ಯಂತ್ರ ಅಂದಮೇಲೆ ಕೆಡುತ್ತದೆ. ಒಂದೇ ತೊಂದರೆಯನ್ನು ಮೂರು ಸಲ "ಸರಿ ಮಾಡಿ" ಹೋದದ್ದಕ್ಕೆ.

ಇದು ಡಬಲ್ ಡೋರ್, ಫ್ರಾಸ್ಟ್ ಫ್ರೀ. ಮೊದಲ ಹದಿನಾಲ್ಕು ತಿಂಗಳು ಒಂದು ದೂರೂ ಇರಲಿಲ್ಲ. ಬಾಗಿಲು ಗಟ್ಟಿ, ಸದ್ದು ಕಡಿಮೆ, ಜಾಗ ಚೆನ್ನಾಗಿದೆ. ಆಮೇಲೆ ಒಂದು ದಿನ ಕೆಳಗಿನ ಭಾಗದಲ್ಲಿ ಹಾಲು ಒಡೆಯಿತು. ಮೇಲೆ ಫ್ರೀಜರ್‌ನಲ್ಲಿ ಐಸ್ ಇನ್ನೂ ಗಟ್ಟಿಯಾಗಿಯೇ ಇತ್ತು. ಹಾಗಾಗಿ ಬಾಗಿಲು ಸರಿಯಾಗಿ ಹಾಕಿರಲಿಲ್ಲವೇನೋ ಅಂದುಕೊಂಡು ಸುಮ್ಮನಾದೆ. ವಾರ ಕಳೆದ ಮೇಲೆ ಗಮನಿಸಿದರೆ ಕಂಪ್ರೆಸರ್ ನಿಲ್ಲುತ್ತಲೇ ಇಲ್ಲ. ರಾತ್ರಿ ಎದ್ದು ಹಿಂಬದಿಗೆ ಕೈ ಇಟ್ಟರೆ ಸುಡುವಷ್ಟು ಬಿಸಿ.

ಬಂದ ಮೆಕ್ಯಾನಿಕ್ ಗ್ಯಾಸ್ ಕಡಿಮೆಯಾಗಿದೆ ಅಂದರು, ಹಾಕಿದರು, ಹೋದರು. ಫ್ರಿಜ್ ಮತ್ತೆ ಹೊಸದರ ಹಾಗೆ ತಣ್ಣಗಾಯಿತು. ಸರಿಯಾಗಿ ಐದು ತಿಂಗಳು.

ಎರಡನೇ ಸಲವೂ ಅದೇ ಕತೆ, ಅದೇ ಗ್ಯಾಸ್. ಈ ಸಲ ನಾಲ್ಕು ತಿಂಗಳು ಬಂತು. ಮೂರನೇ ಸಲ ಕಂಪ್ರೆಸರನ್ನೇ ಬದಲಾಯಿಸಿದರು. ಅದಕ್ಕೆ ಮಾತ್ರ ವಾರಂಟಿ ಉಳಿದಿತ್ತು, ಹಾಗಾಗಿ ನನಗೂ ಖುಷಿಯೇ ಆಯಿತು. ನಾಲ್ಕು ತಿಂಗಳು ತುಂಬುವ ಮೊದಲೇ ಮತ್ತೆ ಅದೇ ಹಾಲು, ಅದೇ ಬಿಸಿ. ಆಗ ಕೂತು ಯೋಚಿಸಿದೆ. ಕಂಪ್ರೆಸರ್ ಬದಲಾಯಿಸುವಾಗ ಹೇಗೂ ಹೊಸ ಗ್ಯಾಸ್ ತುಂಬಲೇಬೇಕು. ಅಂದರೆ ಆ ಸಲವೂ ಫ್ರಿಜ್ ಓಡಿದ್ದು ಗ್ಯಾಸಿನಿಂದ, ಹೊಸ ಕಂಪ್ರೆಸರ್‌ನಿಂದ ಅಲ್ಲ. ಚೆನ್ನಾಗಿದ್ದ ಹಳೇ ಕಂಪ್ರೆಸರ್ ಸುಮ್ನೆ ಗುಜರಿಗೆ ಹೋಯಿತು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು, ಯಾಕೆಂದರೆ ನಾನೂ ಮೂರು ಸಲ ಇದರಲ್ಲೇ ಏಮಾರಿದೆ. ಫ್ರಿಜ್ ಗ್ಯಾಸ್ ಗಾಡಿಯ ಪೆಟ್ರೋಲ್ ತರ ಖರ್ಚಾಗುವುದಿಲ್ಲ. ಮುಚ್ಚಿದ ಪೈಪಿನೊಳಗೆ ಅದೇ ಗ್ಯಾಸ್ ಸುತ್ತುತ್ತಿರುತ್ತದೆ. ಹತ್ತು ವರ್ಷವಾದರೂ ಕಡಿಮೆ ಆಗಬಾರದು. ಕಡಿಮೆ ಆಗಿದೆ ಅಂದರೆ ಎಲ್ಲೋ ತೂತು ಇದೆ. ತೂತು ಹುಡುಕದೆ ಗ್ಯಾಸ್ ಹಾಕುವುದು ಪಂಕ್ಚರ್ ಹಾಕದೆ ಗಾಳಿ ತುಂಬಿದ ಹಾಗೆ.

ಆ ತೂತು ಎಷ್ಟು ಸಣ್ಣದು ಅಂತ ಲೆಕ್ಕ ಹಾಕಿ ನೋಡಿದೆ. ನಮ್ಮ ಫ್ರಿಜ್ಜಿನ ಒಳಗಿನ ಸ್ಟಿಕ್ಕರ್‌ನಲ್ಲಿ R600a, 52 g ಅಂತಿದೆ. ಮೊದಲನೆಯದು ಗ್ಯಾಸಿನ ಹೆಸರು, ಎರಡನೆಯದು ಅದರ ತೂಕ. ಅಷ್ಟೇ, ಐವತ್ತೆರಡು ಗ್ರಾಂ. ಅದರಲ್ಲಿ ಹತ್ತು ಹನ್ನೆರಡು ಗ್ರಾಂ ಹೋದರೂ ಕೆಳಗಿನ ಭಾಗಕ್ಕೆ ತಂಪು ಸಾಲುವುದಿಲ್ಲ ಅಂತ ಇಟ್ಟುಕೊಳ್ಳಿ. ನಾಲ್ಕು ತಿಂಗಳಿಗೆ ಹನ್ನೆರಡು ಗ್ರಾಂ ಅಂದರೆ ದಿನಕ್ಕೆ ಗ್ರಾಂನ ಹತ್ತನೇ ಒಂದು ಪಾಲು. ಇಂಥ ತೂತಿಗೆ ಸೋಪು ನೀರು ಹಚ್ಚಿ ಐದು ನಿಮಿಷ ನೋಡಿದರೆ ಗುಳ್ಳೆ ಕಾಣುವುದು ಕಷ್ಟ. ಅದೂ ಕೈಗೆ ಸಿಗುವ ಜಾಗದಲ್ಲಿದ್ದರೆ ತಾನೇ? ಇಂಥ ಫ್ರಿಜ್‌ಗಳಲ್ಲಿ ಬಿಸಿ ಹೊರಹಾಕುವ ಪೈಪು ಹಿಂದೆ ಕಾಣುವುದಿಲ್ಲ. ಎರಡೂ ಪಕ್ಕದ ತಗಡಿನ ಒಳಗೆ, ಬಾಗಿಲಿನ ಚೌಕಟ್ಟಿನ ಸುತ್ತ ಓಡುತ್ತದೆ. ಅದರ ಮೇಲೆ ಫೋಮ್ ತುಂಬಿ ಮುಚ್ಚಿರುತ್ತಾರೆ. ಅಲ್ಲಿ ಪೈಪ್ ತುಕ್ಕು ಹಿಡಿದರೆ ಯಾರ ಕೈಯೂ ಹೋಗುವುದಿಲ್ಲ.

ನಾಲ್ಕನೇ ಸಲ ಬಂದವರು ಸ್ವಲ್ಪ ವಯಸ್ಸಾದವರು. ಫ್ರೀಜರ್ ಒಳಗಿನ ಹಿಂದಿನ ಪ್ಯಾನೆಲ್ ಬಿಚ್ಚಿ ನನ್ನನ್ನು ಕರೆದು ತೋರಿಸಿದರು. ತಂಪು ಮಾಡುವ ಕಾಯಿಲ್‌ನ ಮೇಲಿನ ಎರಡು ಸುತ್ತಿಗೆ ಮಾತ್ರ ಬಿಳಿ ಹಿಮ, ಕೆಳಗೆಲ್ಲ ಬೋಳು, ಒದ್ದೆ ಅಷ್ಟೇ.

"ನೋಡಿ ಸರ್, ಇಡೀ ಕಾಯಿಲ್ ಮಂಜುಗಡ್ಡೆಯಲ್ಲಿ ಮುಚ್ಚಿಹೋಗಿದ್ರೆ ಅದನ್ನ ಕರಗಿಸೋ ಡಿಫ್ರಾಸ್ಟ್ ಹೀಟರೋ ಸೆನ್ಸರೋ ಹೋಗಿದೆ ಅಂತ. ಹೀಗೆ ಅರ್ಧಕ್ಕೇ ನಿಂತಿದ್ರೆ ಗ್ಯಾಸ್ ಸಾಲ್ತಿಲ್ಲ ಅಂತ. ಇನ್ನೊಂದು ಸಲ ತುಂಬಿ ನೋಡೋಣ್ವಾ?"

ಬೇಡ, ಮೊದಲು ತೂತು ಎಲ್ಲಿದೆ ಹೇಳಿ ಅಂದೆ. ಅವರು ನಕ್ಕರು. ಎರಡು ದಿನ ಫ್ರಿಜ್ ಇಲ್ಲದೆ ಇರ್ತೀರಾ ಅಂತ ಕೇಳಿದರು. ಇರ್ತೀನಿ ಅಂದೆ.

ಅವರು ಮಾಡಿದ್ದು ಇಷ್ಟು. ಪೈಪನ್ನು ಕಂಪ್ರೆಸರ್ ಹತ್ತಿರ ಮತ್ತು ಫಿಲ್ಟರ್ ಹತ್ತಿರ ಕತ್ತರಿಸಿ, ಬಿಸಿ ಕಡೆಯ ಪೈಪನ್ನೂ ತಂಪು ಕಡೆಯ ಪೈಪನ್ನೂ ಬೇರೆ ಬೇರೆ ಮಾಡಿದರು. ಎರಡಕ್ಕೂ ನೈಟ್ರೋಜನ್ ತುಂಬಿ, ಒತ್ತಡ ತೋರಿಸುವ ಒಂದೊಂದು ಗೇಜ್ ಹಾಕಿ, ಬಾಯಿ ಮುಚ್ಚಿ ಬಿಟ್ಟುಹೋದರು. ಬಿಸಿ ಕಡೆ 10 ಬಾರ್ ಇತ್ತು. ಅವತ್ತು ರಾತ್ರಿ ನಾನು ಗೇಜ್ ಮುಳ್ಳಿನ ಪಕ್ಕದ ಗಾಜಿನ ಮೇಲೆ ಪೆನ್ನಿನಲ್ಲಿ ಗೆರೆ ಎಳೆದೆ. ಬೆಳಗ್ಗೆ ಮುಳ್ಳು ಗೆರೆಯಿಂದ ಸ್ವಲ್ಪ ಕೆಳಗೆ. ಮೂರನೇ ದಿನ ಬೆಳಗ್ಗೆ ಎಂಟೂವರೆ ಬಾರ್. ತಂಪು ಕಡೆಯ ಮುಳ್ಳು ಇಟ್ಟಲ್ಲೇ ಇತ್ತು. ರಾತ್ರಿ ಚಳಿಗೆ ಒತ್ತಡ ಇಳಿದಿದ್ದರೆ ಎರಡೂ ಇಳಿಯಬೇಕಿತ್ತು, ಅಲ್ವಾ? ಹಾಗಾಗಿ ತೂತು ಇರುವುದು ಫೋಮ್ ಒಳಗಿನ ಪೈಪಿನಲ್ಲೇ ಅಂತ ಖಾತ್ರಿಯಾಯಿತು.

ಇಷ್ಟಾದ ಮೇಲೂ ಸರ್ವಿಸ್ ಸೆಂಟರ್‌ನವರು ಮತ್ತೊಂದು ರಿಪೇರಿ ಮುಂದಿಟ್ಟರು. ಒಳಗಿನ ಪೈಪನ್ನು ಹಾಗೇ ಬಿಟ್ಟು, ಹಿಂಬದಿಗೆ ಬಿಸಿ ಹೊರಹಾಕುವ ಹೊಸ ಕಂಡೆನ್ಸರ್ ಜಾಲರಿ ಕೂರಿಸುವುದು. ಇದು ಕೆಲಸಕ್ಕೆ ಬಾರದ ಉಪಾಯವೇನೂ ಅಲ್ಲ. ಹನ್ನೆರಡು ವರ್ಷದ ಹಳೇ ಫ್ರಿಜ್ ಆಗಿದ್ದರೆ ನಾನೇ ಮಾಡಿಸುತ್ತಿದ್ದೆ. ಆದರೆ ಬಾಗಿಲ ಚೌಕಟ್ಟಿನ ಪೈಪು ಸುಮ್ನೆ ಇಟ್ಟಿದ್ದಲ್ಲ. ಆ ಬಿಸಿ ಇಲ್ಲದಿದ್ದರೆ ತೇವದ ದಿನಗಳಲ್ಲಿ ಬಾಗಿಲ ಅಂಚು ಬೆವರುತ್ತದೆ, ನೀರು ಇಳಿಯುತ್ತದೆ, ರಬ್ಬರಿಗೆ ಬೂಷ್ಟು ಹಿಡಿಯುತ್ತದೆ. ಪೈಪಿನ ಅಳತೆ ಬದಲಾದರೆ ಸ್ಟಿಕ್ಕರ್‌ನ 52 ಗ್ರಾಂ ಲೆಕ್ಕವೂ ಸರಿ ಬರುವುದಿಲ್ಲ, ಅಂದಾಜಿನ ಮೇಲೆ ಹಾಕಬೇಕು. ಅದರ ಮೇಲೆ ಬಿಡುವಿಲ್ಲದೆ ಓಡಿದ ಕಂಪ್ರೆಸರ್. ಎರಡೂವರೆ ವರ್ಷದ ಫ್ರಿಜ್‌ಗೆ ನಾನು ಯಾಕೆ ಇದನ್ನು ಒಪ್ಪಬೇಕು?

ಬದಲಿ ಫ್ರಿಜ್ ಕೇಳಲು ಹೋದಾಗ ಇನ್ನೊಂದು ಬೆಪ್ಪುತನ ಬಯಲಾಯಿತು, ನನ್ನದೇ. ಹಳೇ ಜಾಬ್ ಶೀಟ್ ತೆಗೆದು ನೋಡಿದರೆ ಮೊದಲನೆಯದರಲ್ಲಿ "ಕೂಲಿಂಗ್ ಕಡಿಮೆ", ಎರಡನೆಯದರಲ್ಲಿ "ಗ್ಯಾಸ್ ಚಾರ್ಜ್", ಮೂರನೆಯದರಲ್ಲಿ "ಕಂಪ್ರೆಸರ್ ಬದಲಾವಣೆ". ಮೂರಕ್ಕೂ ನನ್ನದೇ ಸಹಿ, ಪಕ್ಕದಲ್ಲಿ "ಸರಿಯಾಗಿದೆ" ಅಂತ ಟಿಕ್. ಅವರ ಕಂಪ್ಯೂಟರ್‌ನಲ್ಲಿ ಇದು ಮೂರು ಬೇರೆ ಬೇರೆ ತೊಂದರೆ, ಮೂರೂ ಬಗೆಹರಿದಿವೆ! ಒಂದೇ ತೊಂದರೆ ನಾಲ್ಕು ಸಲ ಬಂದಿದೆ ಅಂತ ಎಲ್ಲೂ ಇಲ್ಲ.

ಹಾಗಾಗಿ ನಾಲ್ಕನೇ ಶೀಟ್‌ಗೆ ಸುಮ್ನೆ ಸಹಿ ಹಾಕಲಿಲ್ಲ. ಎರಡೂ ಗೇಜ್‌ಗಳ ಮೊದಲ ಮತ್ತು ಕೊನೆಯ ಅಂಕಿ ಬರೆಸಿದೆ. ಅದರ ಕೆಳಗೆ "ಬಾಡಿ ಒಳಗಿನ ಪೈಪ್ ಲೀಕ್, ಪೈಪ್ ಬಿಚ್ಚಿ ಸರಿಮಾಡಲು ಆಗುವುದಿಲ್ಲ" ಅಂತ ಬರೆದುಕೊಡಿ ಅಂದೆ. ಆ ಹಿರಿಯರು ಎರಡು ನಿಮಿಷ ಯೋಚಿಸಿ ಬರೆದುಕೊಟ್ಟರು. ನಾಲ್ಕು ಭೇಟಿಯ ತಾರೀಕು, ಪ್ರತಿ ಸಲ ಗ್ಯಾಸ್ ಎಷ್ಟು ದಿನ ಬಂತು, ಈ ಶೀಟಿನ ಫೋಟೋ, ಇಷ್ಟನ್ನೇ ಅರ್ಧ ಪುಟದ ಪತ್ರ ಮಾಡಿ ಕಂಪನಿಗೆ ಕಳಿಸಿದೆ. ಬೈಗುಳ ಇಲ್ಲ, ಗೋಳಾಟ ಇಲ್ಲ. ಅಲ್ಲಿಯವರೆಗೆ ಫೋನಿನಲ್ಲಿ ಕೂಗಾಡಿದ್ದಕ್ಕೆ ಸಿಕ್ಕಿದ್ದು "ಇನ್ನೊಂದು ಸಲ ಹುಡುಗನನ್ನು ಕಳಿಸ್ತೀವಿ" ಅನ್ನುವ ಉತ್ತರ ಮಾತ್ರ.

ಹನ್ನೊಂದನೇ ದಿನ ಬದಲಿ ಫ್ರಿಜ್ ಬಂತು. ಎರಡನೇ ಸ್ಟಾರ್ ಅದಕ್ಕೇ.

ಎಲ್ಲಾ ರಿಪೇರಿಗೂ ಹೀಗೆ ಹಟ ಹಿಡಿಯಿರಿ ಅಂತ ಹೇಳುತ್ತಿಲ್ಲ. ಬಾಗಿಲ ರಬ್ಬರ್, ಸೆನ್ಸರ್, ಹೀಟರ್, ಫ್ಯಾನ್ ಇವೆಲ್ಲ ಕೆಟ್ಟರೆ ಬದಲಾಯಿಸಿ ಮುಗಿಸುವ ಭಾಗಗಳು. ನನ್ನ ಜಗಳ ಗ್ಯಾಸ್ ತುಂಬಿ ತೂತು ಬಿಟ್ಟುಹೋಗುವ ರಿಪೇರಿಯ ಜೊತೆ ಮಾತ್ರ. ಎರಡನೇ ಸಲ ಗ್ಯಾಸ್ ಕಡಿಮೆ ಅಂದಾಗಲೇ ನೈಟ್ರೋಜನ್ ಟೆಸ್ಟ್ ಕೇಳಿದ್ದರೆ ನನ್ನ ಏಳೆಂಟು ತಿಂಗಳು ಉಳಿಯುತ್ತಿತ್ತು.

ಹೊಸ ಫ್ರಿಜ್ಜಿನ ಮಧ್ಯದ ತಟ್ಟೆಯಲ್ಲಿ ಒಂದು ಲೋಟ ನೀರು, ಅದರೊಳಗೆ ಥರ್ಮಾಮೀಟರ್ ಇಟ್ಟಿದ್ದೇನೆ. ಭಾನುವಾರ ಬೆಳಗ್ಗೆ, ಬಾಗಿಲು ಜಾಸ್ತಿ ತೆಗೆಯುವ ಮೊದಲು ನೋಡಿ ಬರೆದಿಡುತ್ತೇನೆ. ಏಳು ವಾರದಿಂದ 4 ಡಿಗ್ರಿ. ಮನೆಯವರು ನಗುತ್ತಾರೆ.