ಹಳೆಯ ಪಠ್ಯಪುಸ್ತಕಗಳ ಚಿತ್ರ ನೋಡಿ ದರ್ಜೆ ಕೊಡುವ ಸೇವೆ: ದೀರ್ಘ ಬಳಕೆಯ ನಂತರದ ವಿಮರ್ಶೆ

ವಿದ್ಯಾರ್ಥಿಗಳಿಗೆ ಎರವಲು ಕೊಡುವ ಒಂದು ಪುಸ್ತಕ ಭಂಡಾರಕ್ಕಾಗಿ ನಾನು ಹಳೆಯ ಪಠ್ಯಪುಸ್ತಕಗಳನ್ನು ಆರಿಸುತ್ತೇನೆ. ಮಾರುವವರು ಹಾಕಿದ ಚಿತ್ರಗಳನ್ನು ಪರಿಶೀಲಿಸಿ, ಕಣ್ಣಿಗೆ ಕಾಣುವ ಹಾನಿ, ಗೆರೆ ಎಳೆದ ಪುಟಗಳು, ಬೈಂಡಿಂಗ್‌ನ ಸವೆತ ಎಂಬ ಮೂರಕ್ಕೂ, ದೋಷ ಕಡಿಮೆಯಿದ್ದಷ್ಟೂ ಅಂಕ ಹೆಚ್ಚು ಎಂಬಂತೆ, ಹತ್ತರಲ್ಲಿ ಬೇರೆ ಬೇರೆ ಅಂಕ ಕೊಟ್ಟು, ಒಟ್ಟು ಅಂಕದ ಪ್ರಕಾರ ಪ್ರತಿಗಳನ್ನು ಸಾಲಾಗಿ ತೋರಿಸುವ ಈ ಸೇವೆಯನ್ನು ಬಹುಕಾಲದಿಂದ ಬಳಸುತ್ತಿದ್ದೇನೆ. ಹೊರಗಿನ ಹಾನಿಯ ವಿಷಯದಲ್ಲಿ ಇದರ ತೀರ್ಪನ್ನು ಬಹುಮಟ್ಟಿಗೆ ನಂಬಬಹುದು. ಬೈಂಡಿಂಗ್‌ನ ಅಂಕವನ್ನು ಮಾತ್ರ, ಅದು ಯಾವ ಚಿತ್ರದಿಂದ ಬಂದಿದೆ ಎಂಬುದನ್ನು ನೋಡದೆ ನಂಬಬಾರದು.

ಶರೀರಕ್ರಿಯಾ ಶಾಸ್ತ್ರದ ಒಂದು ದಪ್ಪ ಪುಸ್ತಕವನ್ನು ಆರಿಸಿದ ಬಗೆಯನ್ನು ಹೇಳಿದರೆ ಇದು ಸ್ಪಷ್ಟವಾದೀತು. ಒಂದೇ ಆವೃತ್ತಿಯ ಮೂರು ಪ್ರತಿಗಳಿದ್ದವು, ಮೂರೂ ಅಂಟಿನ ಬೈಂಡಿಂಗ್‌ನವು. ಮೊದಲನೆಯದಕ್ಕೆ ಹಾನಿಯಲ್ಲಿ 9, ಗೆರೆಗಳಲ್ಲಿ 8, ಬೈಂಡಿಂಗ್‌ನಲ್ಲಿ 8, ಅಂದರೆ ಒಟ್ಟು 25 ಬಂದಿತ್ತು. ಮೂಲೆ ಮಡಚಿ ಹೊದಿಕೆಯ ಬಣ್ಣ ಮಾಸಿದ್ದ ಎರಡನೆಯದಕ್ಕೆ 5, 7, 9 ಸೇರಿ 21. ಮೂರನೆಯದಕ್ಕೆ 8, 4, 7 ಸೇರಿ 19.

ಮೊದಲ ಪ್ರತಿಯ ಚಿತ್ರಗಳಲ್ಲಿ ಮುಂದಿನ ಮತ್ತು ಹಿಂದಿನ ಹೊದಿಕೆಗಳೂ ಆರಂಭದ ಎರಡು ಪುಟಗಳೂ ಇದ್ದವೇ ಹೊರತು ಪುಸ್ತಕದ ಬೆನ್ನು ಎಲ್ಲಿಯೂ ಕಾಣಿಸಲಿಲ್ಲ. ಹಾಗಿದ್ದರೂ ಬೈಂಡಿಂಗ್‌ಗೆ 8 ಅಂಕ ಬಂದದ್ದು ಹೊದಿಕೆಯ ಅಚ್ಚುಕಟ್ಟಿನಿಂದ. ಬೆನ್ನನ್ನು ನೇರವಾಗಿ ತೋರಿಸುವ ಒಂದು ಚಿತ್ರ ಮತ್ತು ಪುಸ್ತಕವನ್ನು ನಡುವಿನಲ್ಲಿ ತೆರೆದು ತೆಗೆದ ಇನ್ನೊಂದು ಚಿತ್ರ ಬೇಕೆಂದು ಮಾರುವವರನ್ನು ಕೇಳಿದೆ. ಅವರು ಕಳುಹಿಸಿದ ಚಿತ್ರದಲ್ಲಿ ಬೆನ್ನಿನ ಉದ್ದಕ್ಕೂ ಎರಡು ಬಿಳಿಯ ಮಡಿಕೆಗಳಿದ್ದವು, ನಡುವಿನ ಎರಡು ಪುಟಗಳ ಸಂದಿಯಲ್ಲಿ ಒಣಗಿ ಬಿರಿದ ಅಂಟು ಕಾಣುತ್ತಿತ್ತು. ಅಂಟಿನ ಬೈಂಡಿಂಗ್‌ನಲ್ಲಿ ಒಂದು ಕಡೆ ಹೀಗೆ ಬಿರುಕು ಬಿಟ್ಟರೆ ಅಲ್ಲಿಂದಲೇ ಹಾಳೆಗಳು ಒಂದೊಂದಾಗಿ ಕಳಚತೊಡಗುತ್ತವೆ, ಕೈಯಿಂದ ಕೈಗೆ ಹೋಗುವ ಪುಸ್ತಕಕ್ಕೆ ಇದಕ್ಕಿಂತ ದೊಡ್ಡ ದೋಷವಿಲ್ಲ. ಹೊಸ ಚಿತ್ರಗಳನ್ನು ಸೇರಿಸಿದ ಕೂಡಲೇ ಸೇವೆಯೂ ಬೈಂಡಿಂಗ್‌ನ ಅಂಕವನ್ನು 3ಕ್ಕೆ ಇಳಿಸಿತು. ಒಟ್ಟು 20 ಆಯಿತು. ನೋಡಿದ್ದನ್ನು ಅದು ಸರಿಯಾಗಿಯೇ ಅಳೆಯುತ್ತದೆ, ಆದರೆ ನೋಡದೆ ಇದ್ದದ್ದಕ್ಕೂ ಅಂಕ ಕೊಟ್ಟುಬಿಡುತ್ತದೆ. ಬೆನ್ನಿನ ಚಿತ್ರವಿಲ್ಲದ ಕಡೆ ಅಂಕದ ಜಾಗವನ್ನು ಖಾಲಿ ಬಿಡುವುದೇ ಪ್ರಾಮಾಣಿಕವಾದ ಕ್ರಮ ಎಂದು ನಾನು ಸೇವೆಯವರಿಗೆ ಬರೆದಿದ್ದೇನೆ.

ಮೂರನೆಯ ಪ್ರತಿಯ ಕಥೆ ಬೇರೆ. ಅದರ ಪುಟಗಳಲ್ಲಿದ್ದ ತೆಳು ಹಳದಿ ಚೌಕಗಳನ್ನು ಸೇವೆ ಹೈಲೈಟರ್ ಗುರುತುಗಳೆಂದು ಎಣಿಸಿತ್ತು. ಎರಡನೆಯ ಪ್ರತಿಯ ಚಿತ್ರಗಳಲ್ಲಿ ಅದೇ ಪುಟ ಸಿಕ್ಕಿದ್ದರಿಂದ ಪಕ್ಕಪಕ್ಕ ಇಟ್ಟು ನೋಡಿದೆ. ಚೌಕ ಅದೇ ಜಾಗದಲ್ಲಿ, ಅದೇ ಅಳತೆಯಲ್ಲಿತ್ತು, ಅಂಚುಗಳು ನೇರವಾಗಿದ್ದವು. ಅಚ್ಚಿನಲ್ಲೇ ಬಂದ ಬಣ್ಣವದು. ಕೈಯಿಂದ ಎಳೆದ ಗುರುತು ಸಾಲಿನ ತುದಿಯಲ್ಲಿ ಏರುಪೇರಾಗುತ್ತದೆ, ಎಷ್ಟೋ ಸಲ ಹಾಳೆಯ ಹಿಂಬದಿಗೂ ಇಳಿದಿರುತ್ತದೆ. ಹೀಗಾಗಿ ಗೆರೆಗಳ ಅಂಕವನ್ನು ನನ್ನ ಲೆಕ್ಕದಲ್ಲಿ 7ಕ್ಕೆ ಏರಿಸಿದಾಗ ಒಟ್ಟು 22 ಆಗಿ ಮೂರನೆಯದೇ ಮುಂದೆ ಬಂತು. ಆದರೆ ಎರವಲಿನ ಪುಸ್ತಕಕ್ಕೆ ಬೈಂಡಿಂಗ್ ಮುಖ್ಯವಾದ್ದರಿಂದ ಅದರ ಅಂಕವನ್ನು ನಾನು ಇಮ್ಮಡಿಯಾಗಿ ಎಣಿಸುತ್ತೇನೆ. ಆಗ ಎರಡನೆಯದಕ್ಕೆ 30, ಮೂರನೆಯದಕ್ಕೆ 29 ಬಂದು, ಮಾಸಿದ ಹೊದಿಕೆಯ ಪ್ರತಿಯನ್ನೇ ಕೊಂಡೆವು. ಒಂದೇ ವರ್ಷ ಓದಿ ಬಿಡುವವರಿಗಾದರೆ ಮೂರನೆಯದೇ ಸರಿ ಎನ್ನುತ್ತಿದ್ದೆ.

ಗೆರೆಗಳ ವಿಷಯದಲ್ಲಿ ಇದಕ್ಕೆ ವಿರುದ್ಧವಾದ ತಪ್ಪೂ ಆಗುತ್ತದೆ, ಅದು ಹೆಚ್ಚು ತೊಂದರೆಯದು. ಹಳದಿ ಬೆಳಕಿನ ದೀಪದ ಕೆಳಗೆ ತೆಗೆದ ಚಿತ್ರದಲ್ಲಿ ಹಾಳೆಯೂ ಹಳದಿಯಾಗಿ ಕಾಣುವುದರಿಂದ ಹಳದಿ ಹೈಲೈಟರ್ ಬಹುತೇಕ ಮರೆಯಾಗುತ್ತದೆ. ತೆಳುವಾದ ಪೆನ್ಸಿಲ್ ಬರಹ ಸಣ್ಣ ಗಾತ್ರಕ್ಕೆ ಇಳಿಸಿದ ಚಿತ್ರದಲ್ಲಿ ಅಳಿದೇ ಹೋಗುತ್ತದೆ. ಆದ್ದರಿಂದ ಹಗಲಿನ ಬೆಳಕಿನಲ್ಲಿ ತೆಗೆದ ಚಿತ್ರಗಳಿಗೆ ಮಾತ್ರ ಈ ಅಂಕವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತೇನೆ. ಯಾವ ಪುಟ ಎಂಬುದೂ ಮುಖ್ಯ. ಓದುವವರು ಸಾಮಾನ್ಯವಾಗಿ ಮೊದಲ ಅಧ್ಯಾಯಗಳಲ್ಲಿ ಧಾರಾಳವಾಗಿ ಗೆರೆ ಎಳೆಯುತ್ತಾರೆ, ಅಧ್ಯಾಯದ ಕೊನೆಯ ಪ್ರಶ್ನೆಗಳಿಗೆ ಪುಸ್ತಕದಲ್ಲೇ ಉತ್ತರ ಬರೆಯುತ್ತಾರೆ. ಮಾರುವವರು ನಡುವಿನ ಎರಡು ಶುಭ್ರ ಪುಟಗಳನ್ನು ತೋರಿಸಿದರೆ 9 ಅಂಕ ಬರುವುದು ಸಹಜ. ನಾನು ಮೊದಲ ಅಧ್ಯಾಯದ ಒಂದು ಪುಟವನ್ನೂ ಯಾವುದಾದರೊಂದು ಪ್ರಶ್ನೆಗಳ ಪುಟವನ್ನೂ ಕೇಳಿ ತರಿಸಿಕೊಳ್ಳುತ್ತೇನೆ.

ನೀರು ತಾಗಿದ ಪ್ರತಿಗಳನ್ನು ಹಿಡಿಯುವುದರಲ್ಲಿ ಈ ಸೇವೆ ನಿಜವಾಗಿಯೂ ಚುರುಕಾಗಿದೆ. ಹಾಳೆಗಳ ಅಂಚಿನ ಸಣ್ಣ ಅಲೆಯನ್ನೂ ಕಂದು ಗೆರೆಯನ್ನೂ ನನ್ನ ಕಣ್ಣು ತಪ್ಪಿಸಿಕೊಂಡ ಕಡೆಯೂ ಅದು ಗುರುತಿಸಿದೆ. ಮುಗ್ಗಲು ವಾಸನೆಯನ್ನೂ ಒಳಗೆ ಒಂದಕ್ಕೊಂದು ಅಂಟಿಕೊಂಡ ಹಾಳೆಗಳನ್ನೂ ಯಾವ ಚಿತ್ರವೂ ಹೇಳಲಾರದು. ಹಾಗಾಗಿ ಅಂಚಿನಲ್ಲಿ ಅಲೆ ಕಂಡ ಪ್ರತಿಯನ್ನು, ಉಳಿದ ಅಂಕಗಳು ಎಷ್ಟೇ ಇದ್ದರೂ, ನಾನು ಪಟ್ಟಿಯಿಂದ ತೆಗೆದುಹಾಕುತ್ತೇನೆ.